ವಿಷ ಹುಟ್ಟಿದ್ದು ರಾತ್ರಿಯ ಮಡಕೆಯಲ್ಲಲ್ಲ, ಹಗಲಿನ ಡಿಕ್ಕಿಯಲ್ಲಿ

ಪ್ರಶ್ನೆ: ಸರ್, ನಾವು ಕುಂದಾಪುರ ಕಡೆಯವರು, ಬೆಂಗಳೂರಿನಲ್ಲಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಒಂದೂವರೆ ಕೆಜಿ ಬಂಗುಡೆ ತಗೊಂಡೆವು, ಹನ್ನೆರಡು ಮೀನು. ಅಂಗಡಿಯಲ್ಲಿ ಐಸ್ ಮೇಲೇ ಇತ್ತು, ವಾಸನೆ ಇರಲಿಲ್ಲ. ದಾರಿಯಲ್ಲಿ ಒಂದು ಗೃಹಪ್ರವೇಶದ ಊಟ ಮುಗಿಸಿ ಮನೆ ಮುಟ್ಟುವಾಗ ಮೂರು ಗಂಟೆ. ಅಲ್ಲಿಯವರೆಗೆ ಮೀನು ಸ್ಕೂಟರ್ ಡಿಕ್ಕಿಯಲ್ಲಿತ್ತು. ನಾಲ್ಕಕ್ಕೆ ಕೊಯ್ದು ತೊಳೆದು ಮೂರನ್ನು ಫ್ರೀಜರಿಗೆ ಹಾಕಿದೆ, ಉಳಿದ ಒಂಬತ್ತು ಮೀನಿಗೆ ಉಪ್ಪು ಅರಿಶಿನ ಹಚ್ಚಿಟ್ಟು ಏಳು ಗಂಟೆಗೆ ಸಾರು ಮಾಡಿದೆ. ರಾತ್ರಿ ನಾನು ಒಂದು, ಅತ್ತೆ ಒಂದು, ನಮ್ಮೆಜಮಾನರು ಎರಡು ತಿಂದೆವು. ಅವರಿಗೆ ಮುಖ ಬಿಸಿ, ತಲೆ ಭಾರ ಅನ್ನಿಸಿತು, ಖಾರ ಜಾಸ್ತಿ ಆಗಿದೆ ಅಂದುಕೊಂಡೆವು. ಉಳಿದದ್ದು ಮಡಕೆಯಲ್ಲೇ ಹೊರಗಿತ್ತು. ಬೆಳಿಗ್ಗೆ ಚೆನ್ನಾಗಿ ಕುದಿಸಿ ನೀರ್ ದೋಸೆಗೆ ಬಡಿಸಿದೆ. ಅವರು ಮತ್ತು ಮಗಳು ಎರಡೆರಡು, ಅತ್ತೆ ಒಂದು. ಸೋಮವಾರ ನಾನು ಮೀನು ತಿನ್ನುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಅಪ್ಪ ಮಗಳಿಬ್ಬರಿಗೂ ಮುಖ, ಕುತ್ತಿಗೆ ಕೆಂಪಾಗಿ ಉರಿ, ತುರಿಕೆ, ತಲೆ ಸಿಡಿತ. ಮಗಳಿಗೆ ಭೇದಿಯೂ ಆಯಿತು. ಅತ್ತೆಗೆ ಏನೂ ಇಲ್ಲ (ಅವರು ಮೈ ತುರಿಕೆಗೆ ದಿನಾ ಸೆಟ್ರಿಜಿನ್ ತಗೊಳ್ತಾರೆ, ಅಷ್ಟೆ). ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು, ಮೀನಿನ ಅಲರ್ಜಿ, ಇನ್ನು ಮೀನು ಮುಟ್ಟಬೇಡಿ ಅಂದರು. ಪಕ್ಕದ ಮನೆಯವರು ಫಾರ್ಮಾಲಿನ್ ಅಂತಾರೆ. ಅತ್ತೆ ನಲವತ್ತು ವರ್ಷದಿಂದ ಸಾರು ಹೀಗೇ ಇಡುತ್ತಾ ಬಂದವರು. ರಾತ್ರಿ ಇಟ್ಟದ್ದೇ ತಪ್ಪಾಯಿತೇ? ಜನ್ಮಕ್ಕೆ ಮೀನು ಬಿಡಬೇಕೇ? ಫ್ರೀಜರಿನ ಮೂರು ಬಂಗುಡೆಯನ್ನು ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಮಡಕೆಯಲ್ಲ, ಡಿಕ್ಕಿ. ಆಮೇಲೆ ಕಂಡದ್ದು ಭಾನುವಾರ ರಾತ್ರಿ ನಿಮ್ಮ ಯಜಮಾನರಿಗೆ ಬಿಸಿಯಾದ ಮುಖ. ಸಾರು ಒಂದು ರಾತ್ರಿ ಕಳೆಯುವ ಮೊದಲೇ, ಒಲೆಯಿಂದ ಇಳಿದ ಒಂದೆರಡು ಗಂಟೆಯೊಳಗೇ ಅವರಿಗೆ ಲಕ್ಷಣ ಶುರುವಾಗಿತ್ತು. ಅಂದರೆ ತೊಂದರೆ ಮಾಡಿದ ವಸ್ತು ಆಗಲೇ ಮೀನಿನೊಳಗಿತ್ತು. ಅತ್ತೆಯವರ ಮಡಕೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ನಾನು ವೈದ್ಯನಲ್ಲ. ಕರಾವಳಿಯ ಮೀನು ಸಂಸ್ಕರಣಾ ಘಟಕಗಳಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡಿದವನು. ಬಂಗುಡೆ, ಟ್ಯೂನಾ ಬಂದರೆ ನಾವು ಮೊದಲು ಮೂಸುತ್ತಿರಲಿಲ್ಲ, ಥರ್ಮಾಮೀಟರಿನ ಮೊನೆಯನ್ನು ಮೀನಿನ ಬೆನ್ನುಮೂಳೆಯ ಹತ್ತಿರದವರೆಗೆ ಚುಚ್ಚುತ್ತಿದ್ದೆವು. ಈ ಜಾತಿಯ ಮೀನಿನಲ್ಲಿ ಮೂಗನ್ನು ನಂಬಿದರೆ ಕೆಟ್ಟೆವು ಎಂದು ನನಗೆ ಕಲಿಸಿದ ಒಂದು ಘಟನೆ ಇದೆ. ನಾನು ಹೊಸಬನಾಗಿದ್ದಾಗ ಒಂದು ಘಟಕಕ್ಕೆ ಬಂದ ಟ್ಯೂನಾ, ಕಣ್ಣಿಗೂ ಮೂಗಿಗೂ ಒಳ್ಳೆಯದಾಗಿಯೇ ಇತ್ತು. ನಾನು ಪಾಸ್ ಮಾಡಿದೆ. ಎರಡು ದಿನ ಬಿಟ್ಟು ಪ್ರಯೋಗಾಲಯದ ವರದಿ ಬಂದಾಗ ಇಡೀ ಲಾಟ್ ತಿರಸ್ಕೃತವಾಗಿತ್ತು. ಕಾರಣದ ಹೆಸರು ಹಿಸ್ಟಮೀನ್.

ಬಂಗುಡೆ, ಟ್ಯೂನಾ, ಅಂಜಲ್, ಬೂತಾಯಿ ಇಂಥ ವೇಗವಾಗಿ ಈಜುವ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹುಟ್ಟಿನಿಂದಲೇ ಧಾರಾಳವಾಗಿರುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಮೀನಿನ ಕಿವಿರು, ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ, ಮಾರ್ಗನೆಲ್ಲಾ ಎಂಬುದು ಅವುಗಳಲ್ಲಿ ಮುಖ್ಯ. ಮೀನು ಸತ್ತ ಮೇಲೆ ಬೆಚ್ಚಗೆ ಉಳಿದರೆ ಇವು ಮಾಂಸದೊಳಗೆ ಹಬ್ಬಿ, ಒಂದು ಕಿಣ್ವವನ್ನು ತಯಾರಿಸಿ, ಆ ಹಿಸ್ಟಿಡಿನ್ನನ್ನು ಹಿಸ್ಟಮೀನ್ ಆಗಿ ಬದಲಾಯಿಸುತ್ತವೆ. ಅಲರ್ಜಿ ಆದಾಗ ನಮ್ಮ ದೇಹವೇ ಹೊರಹಾಕುವ ವಸ್ತುವೂ ಇದೇ ಹಿಸ್ಟಮೀನ್. ಕೆಂಪು, ತುರಿಕೆ, ಉರಿ, ತಲೆ ಸಿಡಿತ, ಎದೆ ಡವಡವ, ಭೇದಿ ಎಲ್ಲವೂ ಅದರ ಕೆಲಸ. ವ್ಯತ್ಯಾಸ ಇಷ್ಟೆ: ಅಲರ್ಜಿಯಲ್ಲಿ ಅದು ಒಳಗಿಂದ ಹುಟ್ಟುತ್ತದೆ, ಇಲ್ಲಿ ತಟ್ಟೆಯಿಂದ ಒಳಗೆ ಹೋಗುತ್ತದೆ. ನೋಟಕ್ಕೆ ಎರಡೂ ಒಂದೇ ಆದ್ದರಿಂದ ಕ್ಲಿನಿಕ್ಕಿನವರು ಅಲರ್ಜಿ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ಕೊಟ್ಟ ಇಂಜೆಕ್ಷನ್ ಹಿಸ್ಟಮೀನ್ ತಡೆಯುವಂಥದ್ದಾಗಿದ್ದರೆ ಚಿಕಿತ್ಸೆಯೂ ಸರಿಯೇ. ಎಡವಿದ್ದು ಹಚ್ಚಿದ ಹೆಸರಿನಲ್ಲಿ ಮಾತ್ರ ಅಂತ ನನಗನ್ನಿಸುತ್ತದೆ.

ಈಗ ನಿಮ್ಮ ಭಾನುವಾರವನ್ನು ಗಡಿಯಾರ ಹಿಡಿದು ನೋಡೋಣ. ಈ ಬ್ಯಾಕ್ಟೀರಿಯಾಗಳಿಗೆ ತೀರಾ ಹಿತವಾದ ಹವೆ 20ರಿಂದ 37 ಡಿಗ್ರಿ. ಬೆಂಗಳೂರು ತಂಪು ಊರು ಅಂತ ನೀವು ಹೇಳಬಹುದು, ಆದರೆ ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟಿನ ಕೆಳಗೆ ತಂಪೆಲ್ಲಿ? ಪೆಟ್ರೋಲ್ ಸ್ಕೂಟರುಗಳಲ್ಲಿ ಆ ಡಬ್ಬಿ ಇರುವುದೇ ಎಂಜಿನ್ನಿನ ಮೇಲೆ. ಮೇಲಿಂದ ಕಪ್ಪು ಸೀಟು, ಕೆಳಗಿಂದ ಎಂಜಿನ್, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಒಂದರ ಮೇಲೊಂದು ಬಿದ್ದ ಹನ್ನೆರಡು ಬಂಗುಡೆ. ಕರುಳು ಕಿವಿರು ಇನ್ನೂ ಒಳಗೇ ಇದ್ದವು. ಹೀಗೆ ನಾಲ್ಕೂವರೆ ಗಂಟೆ. ಆಮೇಲೆ ನಾಲ್ಕರವರೆಗೆ ಅಡಿಗೆಮನೆಯಲ್ಲಿ, ನಾಲ್ಕರಿಂದ ಏಳರವರೆಗೆ ಉಪ್ಪು ಅರಿಶಿನದಲ್ಲಿ. ಎಲ್ಲ ಸೇರಿ ಎಂಟೂವರೆ ಗಂಟೆ. ಅಮೆರಿಕದ ಆಹಾರ ನಿಯಂತ್ರಕರು ಮೀನು ಘಟಕಗಳಿಗೆ ಕೊಟ್ಟಿರುವ ಮಾರ್ಗದರ್ಶಿಯಲ್ಲಿ, ಹಿಂದೆ ಫ್ರೀಜ್ ಆಗದ ಇಂಥ ಮೀನು 21 ಡಿಗ್ರಿಗಿಂತ ಬೆಚ್ಚಗೆ ಒಟ್ಟು 4 ಗಂಟೆಗಿಂತ ಹೆಚ್ಚು ಇರಕೂಡದು ಎಂದಿದೆ. ‘ಒಟ್ಟು’ ಎಂಬ ಪದ ನೋಡಿ. ದೋಣಿಯಲ್ಲಿ ಒಂದು ಗಂಟೆ, ಬಂದರಿನ ಹರಾಜಿನಲ್ಲಿ ಒಂದು ಗಂಟೆ, ನಿಮ್ಮ ಡಿಕ್ಕಿಯಲ್ಲಿ ನಾಲ್ಕೂವರೆ, ಎಲ್ಲವೂ ಒಂದೇ ಖಾತೆಗೆ ಜಮೆ. ಮಧ್ಯೆ ಐಸ್ ಹಾಕಿದರೆ ಲೆಕ್ಕ ನಿಲ್ಲುತ್ತದೆ, ಸೊನ್ನೆಗೆ ಇಳಿಯುವುದಿಲ್ಲ.

ಅಂಗಡಿಯವನನ್ನು ನಾನು ಪೂರ್ತಿ ಬಿಟ್ಟುಕೊಡುವುದಿಲ್ಲ. ಕರಾವಳಿಯಿಂದ ರಾತ್ರಿಯಿಡೀ ಲಾರಿಯಲ್ಲಿ ಬಂದ ಮೀನಿನ ಖಾತೆಯಲ್ಲಿ ಎಷ್ಟು ಜಮೆಯಾಗಿತ್ತೋ ನಮಗೆ ಕಾಣದು. ‘ಐಸ್ ಮೇಲೆ’ ಇಡುವುದಕ್ಕೂ ‘ಐಸ್ ಒಳಗೆ’ ಇಡುವುದಕ್ಕೂ ಬಹಳ ಅಂತರ ಇದೆ. ಮೇಲಿಟ್ಟ ಮೀನಿನ ಕೆಳಮೈ ಮಾತ್ರ ತಣ್ಣಗಿರುತ್ತದೆ. ನಮ್ಮ ಹವೆಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಹಾಕಿ, ಪದರ ಪದರವಾಗಿ ಮುಚ್ಚಬೇಕು. ಆದರೂ ನಿಮ್ಮ ಕೈಗೆ ಬಂದ ಮೇಲಿನ ಎಂಟೂವರೆ ಗಂಟೆಯೇ ಸಾಕಷ್ಟು ವಿವರಣೆ ಕೊಡುತ್ತದೆ.

ಉಪ್ಪು ಅರಿಶಿನ ಹಚ್ಚಿದ್ದೇನೆ ಎಂಬ ನೆಮ್ಮದಿ ಎಲ್ಲರ ಮನೆಯಲ್ಲೂ ಇದೆ. ನಾವು ಹಚ್ಚುವಷ್ಟು ಉಪ್ಪು ರುಚಿಗೆ, ಮೀನು ಕೆಡದಂತೆ ತಡೆಯಲು ಅದು ಸಾಲದು. ನಿಂಬೆ, ಹುಣಸೆ ನೀರಿನಲ್ಲಿ ತೊಳೆಯುವುದರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೀನಿನ ಕೆಟ್ಟ ವಾಸನೆ ಬರುವುದು ಬೇರೆ ಕೆಲವು ಅಮೈನ್‌ಗಳಿಂದ. ಅವು ಪ್ರತ್ಯಾಮ್ಲಗಳು, ಹುಳಿ ತಾಗಿದರೆ ಲವಣವಾಗಿ ಕೂತುಬಿಡುತ್ತವೆ, ಗಾಳಿಗೆ ಏಳುವುದಿಲ್ಲ. ಹಾಗಾಗಿ ವಾಸನೆ ಹೋಗುತ್ತದೆ, ಹಿಸ್ಟಮೀನ್ ಹೋಗುವುದಿಲ್ಲ. ಅದಕ್ಕೆ ಮೊದಲಿಂದಲೂ ವಾಸನೆಯೇ ಇಲ್ಲ. ಕೆಲವರಿಗೆ ನಾಲಿಗೆಯ ಮೇಲೆ ಕಾಳುಮೆಣಸು ಕಡಿದಂಥ ಚುರುಕು ಅಥವಾ ಲೋಹದ ರುಚಿ ತಿಳಿಯುತ್ತದೆ, ಆದರೆ ನಮ್ಮ ಮೀನು ಸಾರಿನ ಖಾರದಲ್ಲಿ ಅದನ್ನು ಹುಡುಕುವುದು ಎಲ್ಲಿಂದ? ನಿಮ್ಮ ಯಜಮಾನರ ವಿಷಯದಲ್ಲಿ ಆದದ್ದೂ ಬಹುಶಃ ಅದೇ.

ಇನ್ನು ಕುದಿಸುವುದು. ಸಾರು ಕುದಿಯುವಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವವೂ ಕೆಲಸ ನಿಲ್ಲಿಸುತ್ತದೆ. ಅಷ್ಟು ಹೊತ್ತಿಗಾಗಲೇ ತಯಾರಾದ ಹಿಸ್ಟಮೀನ್ ಮಾತ್ರ ಹಾಗೇ ಕೂತಿರುತ್ತದೆ. 1973ರಲ್ಲಿ ಅಮೆರಿಕದಲ್ಲಿ ಡಬ್ಬಿಯ ಟ್ಯೂನಾ ತಿಂದು 232 ಮಂದಿಗೆ ಇದೇ ತೊಂದರೆಯಾಯಿತು. ಡಬ್ಬಿಯ ಮೀನನ್ನು ಮುಚ್ಚಳ ಮುಚ್ಚಿ, ಒತ್ತಡದಲ್ಲಿ, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೇಯಿಸುತ್ತಾರೆ. ಅದಕ್ಕೇ ಜಗ್ಗದ್ದು ನಮ್ಮ ಸಾರಿನ ಕುದಿಗೆ ಜಗ್ಗೀತೇ? ಹುರಿದರೂ ಅಷ್ಟೆ, ಹೊಗೆಯಲ್ಲಿ ಒಣಗಿಸಿದರೂ ಅಷ್ಟೆ.

ಹಾಗಾದರೆ ಒಂದೇ ಮಡಕೆಯ ಸಾರು ಉಂಡು ಇಬ್ಬರಿಗೆ ಯಾಕೆ ಆಯಿತು, ಇಬ್ಬರಿಗೆ ಯಾಕಿಲ್ಲ? ನಿಮ್ಮ ಮೀನನ್ನು ಯಾರೂ ಅಳೆದಿಲ್ಲ, ಆದ್ದರಿಂದ ತಿಳಿಯುವುದಕ್ಕಾಗಿ ಒಂದು ಅಂಕಿ ಊಹಿಸಿಕೊಳ್ಳೋಣ. ಮಾಂಸದಲ್ಲಿ ಕೆಜಿಗೆ 400 ಮಿಲಿಗ್ರಾಂ ಹಿಸ್ಟಮೀನ್ ಇತ್ತು ಅನ್ನಿ. ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ 200, ತೀರಾ ಕೆಟ್ಟ ಮೀನಿನಲ್ಲಿ ಸಾವಿರ ದಾಟುವುದೂ ಉಂಟು. ನಿಮ್ಮ ಒಂದು ಬಂಗುಡೆ ಸುಮಾರು 125 ಗ್ರಾಂ, ತಲೆ ಮುಳ್ಳು ಕಳೆದು ತಿನ್ನುವ ಮಾಂಸ 70 ಗ್ರಾಂ ಹಿಡಿಯಿರಿ. ಒಂದು ಮೀನಿಗೆ 28 ಮಿಲಿಗ್ರಾಂ ಆಯಿತು, ಎರಡಕ್ಕೆ 56. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2012ರಲ್ಲಿ ಕೂತು ಹೇಳಿದ್ದು, ಆರೋಗ್ಯವಂತರಿಗೆ ಒಂದು ಊಟದಲ್ಲಿ 50 ಮಿಲಿಗ್ರಾಂವರೆಗೆ ತೊಂದರೆ ಕಾಣುವುದಿಲ್ಲ ಎಂದು. ಒಂದು ಮೀನು ತಿಂದ ನೀವು ಗೆರೆಯ ಈಚೆ, ಎರಡು ತಿಂದವರು ಗೆರೆಯ ಆಚೆ. ವಾಸ್ತವ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಒಂದೇ ಬುಟ್ಟಿಯ ಎರಡು ಮೀನುಗಳಲ್ಲಿ ಹತ್ತುಪಟ್ಟು ವ್ಯತ್ಯಾಸ ಇರಬಹುದು, ಒಂದೇ ಮೀನಿನ ಹೊಟ್ಟೆಯ ಕಡೆಗೂ ಬಾಲದ ಕಡೆಗೂ ವ್ಯತ್ಯಾಸ ಇರಬಹುದು. ಆದರೆ ಲೆಕ್ಕ ಸಾಗುವ ದಾರಿ ಇದೇ.

ಅತ್ತೆಯವರು ಎರಡು ಹೊತ್ತೂ ತಿಂದರು, ಆದರೂ ಏನಾಗಲಿಲ್ಲ. ನೀವು ‘ಅಷ್ಟೆ’ ಎಂದು ಬ್ರಾಕೆಟ್ಟಿನಲ್ಲಿ ಬರೆದು ಬಿಟ್ಟಿರಲ್ಲ, ಉತ್ತರ ಬಹುಪಾಲು ಅಲ್ಲೇ ಇದೆ. ಸೆಟ್ರಿಜಿನ್ ಹಿಸ್ಟಮೀನ್ ತನ್ನ ಕೆಲಸ ಮಾಡದಂತೆ ತಡೆಯುವ ಮಾತ್ರೆ. ತಿನ್ನುವ ಮೊದಲೇ ಅವರ ದೇಹದಲ್ಲಿ ಕಾವಲು ಕೂತಿತ್ತು, ಜೊತೆಗೆ ಅವರು ತಿಂದದ್ದು ಒಂದೊಂದು ಹೊತ್ತಿಗೆ ಒಂದೇ ಮೀನು. ಇದನ್ನೇ ನೋಡಿ ಮೀನು ತಿನ್ನುವ ಮೊದಲು ಒಂದು ಮಾತ್ರೆ ನುಂಗುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಯಾಕೆ ಜೋರಾಯಿತು ಎಂಬುದಕ್ಕೂ ಕಾರಣ ಊಹಿಸಬಹುದು. ಹಿಸ್ಟಮೀನ್ ನೀರಿನಲ್ಲಿ ಕರಗುತ್ತದೆ. ರಾತ್ರಿ ಕಳೆದರೆ ಉಪ್ಪು ಹುಳಿ ಮೀನಿಗೆ ಹಿಡಿಯುತ್ತದೆ ಅಂತ ನಾವು ಮೆಚ್ಚುತ್ತೇವಲ್ಲ, ಹಾಗೆಯೇ ಮೀನಿನಲ್ಲಿದ್ದದ್ದೂ ರಸಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಕುದಿಸಿದಾಗ ರಸ ಬತ್ತಿ ಗಟ್ಟಿಯಾಯಿತು. ನೀರ್ ದೋಸೆ ಆ ರಸವನ್ನು ಹೀರುವಷ್ಟು ಅನ್ನ ಹೀರುವುದಿಲ್ಲ.

ಅಲರ್ಜಿಯ ಮಾತಿಗೆ ಬರುತ್ತೇನೆ. ಒಂದೇ ಊಟದ ಮೇಲೆ ಒಂದೇ ಹೊತ್ತಿಗೆ ಇಬ್ಬರಿಗೆ ಒಂದೇ ಲಕ್ಷಣ, ಇಬ್ಬರೂ ಬಂಗುಡೆ ತಿಂದೇ ಬೆಳೆದವರು. ಒಂದೇ ಬೆಳಿಗ್ಗೆ ಅಪ್ಪ ಮಗಳಿಬ್ಬರಿಗೂ ಹೊಸದಾಗಿ ಮೀನಿನ ಅಲರ್ಜಿ ಹುಟ್ಟಿತು ಎನ್ನುವುದಕ್ಕಿಂತ, ಇಬ್ಬರ ತಟ್ಟೆಯಲ್ಲೂ ಒಂದೇ ದೋಷ ಇತ್ತು ಎನ್ನುವುದು ನಂಬಲು ಸುಲಭ. ಹಾಗೆಂದು ನನ್ನ ಮಾತು ಕೇಳಿ ನಾಳೆಯೇ ತಿಂದು ಪರೀಕ್ಷಿಸಬೇಡಿ. ನಿಜವಾದ ಮೀನಿನ ಅಲರ್ಜಿ ಇದ್ದರೆ ಎರಡನೆಯ ಸಲ ಉಸಿರಿಗೇ ಕುತ್ತು ಬರಬಹುದು. ಅಲರ್ಜಿ ತಜ್ಞರು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಮಾಡುತ್ತಾರೆ. ಎರಡರಲ್ಲೂ ಏನೂ ಬರದಿದ್ದರೆ, ನಿಮ್ಮ ಕಥೆಯನ್ನೂ ಅವರಿಗೆ ಗಂಟೆಗಂಟೆಯಾಗಿ ಹೇಳಿದರೆ, ಮೀನು ಬಿಡಬೇಕೇ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಮುಂದೆ ಎಂದಾದರೂ ಇಂಥದ್ದು ಆಗಿ ಆಸ್ಪತ್ರೆಗೆ ಹೋದರೆ, ಕೆಲವು ಗಂಟೆಯೊಳಗೆ ರಕ್ತದಲ್ಲಿ ಟ್ರಿಪ್ಟೇಸ್ ಎಂಬ ಕಿಣ್ವದ ಮಟ್ಟ ನೋಡಿ ಎಂದು ಕೇಳಬಹುದು. ತೀವ್ರ ಅಲರ್ಜಿಯಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ, ಮೀನಿನ ಹಿಸ್ಟಮೀನ್ ವಿಷದಲ್ಲಿ ಏರುವುದಿಲ್ಲ.

ಸಾಮಾನ್ಯವಾಗಿ ಈ ತೊಂದರೆ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಆದರೆ ಉಸಿರಾಡಲು ಕಷ್ಟ, ತುಟಿ ನಾಲಿಗೆ ಊತ, ತಲೆ ಸುತ್ತಿ ಬೀಳುವಂತಾಗುವುದು, ಎದೆ ನೋವು, ಇವುಗಳಲ್ಲಿ ಒಂದು ಕಂಡರೂ ಅಲರ್ಜಿಯೋ ವಿಷವೋ ಎಂದು ಮನೆಯಲ್ಲಿ ಚರ್ಚೆ ಬೇಡ, ನೇರ ಆಸ್ಪತ್ರೆ. ಹೃದಯದ ಕಾಯಿಲೆ ಇರುವವರು, ಅಸ್ತಮಾದವರು ಇನ್ನೂ ಬೇಗ ಹೊರಡಬೇಕು. ನಮ್ಮ ದೇಶದಲ್ಲಿ ಹೇಳಲೇಬೇಕಾದ ಇನ್ನೊಂದು ಗುಂಪು, ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ತೆಗೆದುಕೊಳ್ಳುವವರು. ಹಿಸ್ಟಮೀನನ್ನು ಒಡೆಯುವ ಒಂದು ಕಿಣ್ವ ನಮ್ಮ ಕರುಳಿನಲ್ಲಿದೆ, ಆ ಮಾತ್ರೆ ಅದನ್ನೇ ಕಟ್ಟಿಹಾಕುತ್ತದೆ. ಉಳಿದವರಿಗೆ ಏನೂ ಮಾಡದಷ್ಟು ಹಿಸ್ಟಮೀನ್ ಇರುವ ಬಂಗುಡೆಯೂ ಅವರನ್ನು ಮಲಗಿಸಬಲ್ಲದು.

ಫಾರ್ಮಾಲಿನ್ ಬಗ್ಗೆ ಎರಡೇ ಮಾತು. 2018ರ ಗೋವಾ, ಕೇರಳದ ಗಲಾಟೆಯ ನಂತರ ಮೀನಿನಿಂದ ಏನಾದರೂ ಮೊದಲು ಬರುವ ಹೆಸರು ಅದು. ಬೆರೆಸುವುದು ಅಪರಾಧವೇ, ಆದರೆ ತಿಂದ ಇಪ್ಪತ್ತು ನಿಮಿಷಕ್ಕೆ ಮುಖ ಕುತ್ತಿಗೆ ಕೆಂಪಾಗಿ ತುರಿಸುವ ಈ ಚಿತ್ರ ಅದರದ್ದಲ್ಲ.

ಈಗ ಮಡಕೆ. ಚೆನ್ನಾಗಿ ಕುದಿದ ಸಾರಿನಲ್ಲಿ ಹಿಸ್ಟಮೀನ್ ಮಾಡುವವರೂ ಇಲ್ಲ, ಅವರ ಕಿಣ್ವವೂ ಇಲ್ಲ. ಹಸಿ ಮೀನಿನ ಕೈ, ಅದೇ ಸೌಟು ಮತ್ತೆ ಅದ್ದದಿದ್ದರೆ ರಾತ್ರಿಯಲ್ಲಿ ಅದು ಹೊಸದಾಗಿ ಬೆಳೆಯುವ ಸಾಧ್ಯತೆ ತೀರಾ ಕಡಿಮೆ. ಅತ್ತೆಯವರ ನಲವತ್ತು ವರ್ಷದ ಅನುಭವ ಸುಳ್ಳಲ್ಲ. ಊರಿನಲ್ಲಿ ದೋಣಿಯಿಂದ ಇಳಿದ ಬಂಗುಡೆ ಒಂದೆರಡು ಗಂಟೆಯಲ್ಲಿ ಒಲೆ ಏರುತ್ತಿತ್ತು, ಹುಣಸೆ ಹುಳಿ ಬೀಳುತ್ತಿತ್ತು, ರಾತ್ರಿ ಕುದಿಸಿ ಮುಚ್ಚಿದ ಮೇಲೆ ಯಾರೂ ಸೌಟು ಹಾಕುತ್ತಿರಲಿಲ್ಲ. ಅವರು ಗೆದ್ದದ್ದು ಮಡಕೆಯಿಂದ ಅಲ್ಲ, ಬೆಳಗ್ಗಿನ ಆ ಒಂದೆರಡು ಗಂಟೆಯಿಂದ.

ಆದರೆ ಹೊರಗಿಟ್ಟ ಸಾರಿಗೆ ಅದರದ್ದೇ ಇನ್ನೊಂದು ಅಪಾಯವಿದೆ, ಇದನ್ನು ಅತ್ತೆಯವರಿಗೆ ನಿಧಾನವಾಗಿ ಹೇಳಿ. ಕುದಿಗೂ ಸಾಯದ ಬೀಜಾಣುಗಳಿರುವ ಕೆಲವು ಬ್ಯಾಕ್ಟೀರಿಯಾಗಳು ಸಾರು ಉಗುರುಬೆಚ್ಚಗಾದಾಗ ಮೊಳೆತು ಬಹಳ ವೇಗವಾಗಿ ಬೆಳೆಯುತ್ತವೆ. ದಪ್ಪ ಮಣ್ಣಿನ ಮಡಕೆ ಅದೇ ಬೆಚ್ಚಗನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಅವುಗಳಿಂದಾಗುವ ತೊಂದರೆ ಬೇರೆ ಥರ: ಮುಖ ಕೆಂಪಾಗುವುದಿಲ್ಲ, ತುರಿಕೆ ಇಲ್ಲ, ಬಹುಪಾಲು ಎಂಟು ಹತ್ತು ಗಂಟೆ ಕಳೆದ ಮೇಲೆ ಹೊಟ್ಟೆ ಹಿಂಡಿ ಭೇದಿ. ನಿಮಿಷಗಳಲ್ಲಿ ಬಂದರೆ ಮೀನನ್ನು ಅನುಮಾನಿಸಿ, ಗಂಟೆಗಳ ಮೇಲೆ ಬಂದರೆ ಮಡಕೆಯನ್ನು. ತೆಂಗಿನಕಾಯಿ ಅರೆದ ಸಾರು ಬರೀ ಹುಳಿಮೆಣಸಿನ ಸಾರಿಗಿಂತ ಬೇಗ ಹಳಸುತ್ತದೆ ಎಂಬುದು ನಿಮಗೇ ಗೊತ್ತು. ಊಟ ಮುಗಿದ ಮೇಲೆ ಉಳಿದದ್ದನ್ನು ಅಗಲ ಸ್ಟೀಲ್ ಪಾತ್ರೆಗೆ ತೆಳ್ಳಗೆ ಸುರಿದು, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ರುಚಿ ಅಲ್ಲೂ ಹಿಡಿಯುತ್ತದೆ. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು ಕುದಿಸಿ.

ಮುಂದಿನ ಸಲ ಬಂಗುಡೆ ತರುವಾಗ ಗೃಹಪ್ರವೇಶ ಮುಗಿಸಿ ಅಂಗಡಿಗೆ ಹೋಗಿ. ಆಗದಿದ್ದರೆ ಅಲ್ಲೇ ಕೊಯ್ಯಿಸಿ, ಕಿವಿರು ಕರುಳು ತೆಗೆಸಿ, ಚೀಲದ ಕೆಳಗೂ ಮೇಲೂ ಐಸ್ ತುಂಬಿಸಿ, ಒಂದು ಥರ್ಮೋಕೋಲ್ ಡಬ್ಬಿಯಲ್ಲಿ ಇಡಿ. ಡಬ್ಬಿ ಇಲ್ಲ, ನಾಲ್ಕು ಗಂಟೆ ತಡ ಎಂದಾದರೆ ಆ ದಿನ ಕಾಣೆಯನ್ನೋ ಮಾಂಜಿಯನ್ನೋ ತನ್ನಿ. ಅವೂ ಕೆಡುತ್ತವೆ, ಆದರೆ ಅವುಗಳಿಂದ ಈ ತೊಂದರೆ ಬರುವುದು ಅಪರೂಪ, ಕೆಟ್ಟರೆ ವಾಸನೆ ಬಂದು ನಿಮ್ಮನ್ನು ಎಚ್ಚರಿಸುತ್ತವೆ. ಅಂಜಲನ್ನು ಮಾತ್ರ ದುಬಾರಿ ಮೀನು ಎಂದು ಈ ಪಟ್ಟಿಗೆ ಸೇರಿಸಬೇಡಿ, ಅದು ಬಂಗುಡೆಯ ಬಳಗವೇ.

ಫ್ರೀಜರಿನ ಮೂರೂ ಅದೇ ಡಿಕ್ಕಿಯಲ್ಲಿ ಅದೇ ಹೊತ್ತು ಕಳೆದ ಮೀನುಗಳು. ಮೂರು ಗಂಟೆ ಮೊದಲು ಒಳಗೆ ಹೋದವು ಎಂಬುದಷ್ಟೇ ವ್ಯತ್ಯಾಸ. ಶೀತದಲ್ಲಿ ಹಿಸ್ಟಮೀನ್ ಕಡಿಮೆಯಾಗುವುದಿಲ್ಲ. ಕಿಣ್ವವೂ ಹೆಪ್ಪುಗಟ್ಟಿ ಮಲಗಿರುತ್ತದೆ, ಐಸ್ ಬಿಟ್ಟ ಮೇಲೆ ಮತ್ತೆ ಎದ್ದು ಕೆಲಸ ಮುಂದುವರಿಸಬಲ್ಲದು. ನಿಮಗೆ ಖಚಿತ ಉತ್ತರ ಬೇಕು, ಅಥವಾ ಅಲರ್ಜಿ ತಜ್ಞರು ಸಾಕ್ಷಿ ಕೇಳಿದರೆ, ಒಂದನ್ನು ಹಾಗೇ ಫ್ರೀಜರಿನಲ್ಲಿ ಉಳಿಸಿ, ಐಸಿನಲ್ಲೇ ಹಿಸ್ಟಮೀನ್ ಅಳೆಯುವ ಆಹಾರ ಪ್ರಯೋಗಾಲಯಕ್ಕೆ ಮುಟ್ಟಿಸಿ. ಉಳಿದೆರಡನ್ನು ಕಾಗದದಲ್ಲಿ ಸುತ್ತಿ ನಾಳೆ ಬೆಳಗ್ಗಿನ ಹಸಿ ಕಸದ ಗಾಡಿಗೆ ಹಾಕಿ.